ಅಪ್ಪ-ಅಮ್ಮನ ಫೋನಲ್ಲಿ ಆ್ಯಪ್ ಹ್ಯಾಂಗ್ ಆದರೆ: ಡೇಟಾ ಕಳೆಯದಂತೆ ಸರಿ ಮಾಡೋದನ್ನು ಕಲಿಸುವ ಬಗೆ

ಆ್ಯಪ್ ಹ್ಯಾಂಗ್ ಆದ ಮಾತ್ರಕ್ಕೆ ಡೇಟಾ ಹೋಗುವುದು ಅಪರೂಪ. ಅದನ್ನು ಸರಿ ಮಾಡಲು ಯಾರೋ ಕೈ ಹಾಕಿದಾಗ ಹೋಗುವುದೇ ಜಾಸ್ತಿ. ಪಕ್ಕದ ಫ್ಲ್ಯಾಟಿನ ಹುಡುಗ ಒಳ್ಳೆ ಮನಸ್ಸಿನಿಂದಲೇ ಫೋನ್ ತೆಗೆದುಕೊಳ್ಳುತ್ತಾನೆ, ಎರಡು ಗುಂಡಿ ಒತ್ತುತ್ತಾನೆ, ಆ್ಯಪ್ ಓಡುತ್ತದೆ. ಆಮೇಲೆ ನೋಡಿದರೆ ವಾಟ್ಸಾಪ್ ಹೊಸದಾಗಿ ಹಾಕಿದ ಹಾಗೆ ಖಾಲಿ.

ಆಂಡ್ರಾಯ್ಡ್ ಫೋನಿನಲ್ಲಿ ಡೇಟಾ ಅಳಿಸುವ ಕೆಲಸಗಳು ಮುಖ್ಯವಾಗಿ ಮೂರು: Uninstall, Clear storage, ಮತ್ತು ಫ್ಯಾಕ್ಟರಿ ರೀಸೆಟ್. ಎರಡನೆಯದಕ್ಕೆ ಕೆಲವು ಫೋನುಗಳಲ್ಲಿ Clear data ಎಂಬ ಹೆಸರಿದೆ. ಆ್ಯಪ್ ಮುಚ್ಚುವುದು, Force stop, ಫೋನ್ ರೀಸ್ಟಾರ್ಟ್, Clear cache, ಇವು ಯಾವುವೂ ಹಳೆಯ ಮೆಸೇಜನ್ನೋ ಫೋಟೋವನ್ನೋ ಮುಟ್ಟುವುದಿಲ್ಲ. ಅಪ್ಪ-ಅಮ್ಮನಿಗೆ ಕಲಿಸಬೇಕಾದ್ದು ಈ ಎರಡು ಗುಂಪಿನ ನಡುವಿನ ಗೆರೆಯನ್ನು. ಎಲ್ಲ ಆ್ಯಪಿನ ಬಗ್ಗೆ ಹೇಳಲು ಹೋದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ವಾಟ್ಸಾಪನ್ನೇ ಹಿಡಿದು ಹೇಳುತ್ತೇನೆ. ಮುಂಬೈ, ಪುಣೆಯ ನಮ್ಮ ಮನೆಗಳಲ್ಲಿ ಊರಿನ ಬಳಗ, ಸೊಸೈಟಿ ಗ್ರೂಪು, ಮೊಮ್ಮಕ್ಕಳ ಫೋಟೋ ಎಲ್ಲ ಇರುವುದು ಅದರಲ್ಲೇ ಅಲ್ವಾ.

ಮೊದಲು ನೀವು ಮಾಡಿಡಬೇಕಾದ್ದು

ಪಾಠ ಶುರು ಮಾಡುವ ಮೊದಲು ಬ್ಯಾಕಪ್ ನೋಡಿ. ಇದು ಅವರ ಕೆಲಸವಲ್ಲ, ನಿಮ್ಮದು. ವಾಟ್ಸಾಪಿನ Settings ಒಳಗೆ Chats, ಅದರೊಳಗೆ Chat backup. ಅಲ್ಲಿ ಕೊನೆಯ ಬ್ಯಾಕಪ್ ಯಾವ ದಿನ ಆಗಿದೆ ಅಂತ ಇರುತ್ತದೆ. ನಿನ್ನೆಯದೋ ಇವತ್ತಿನದೋ ಆದರೆ ಸರಿ. ಎಷ್ಟೋ ತಿಂಗಳ ಹಿಂದಿನ ತಾರೀಖು ಕಂಡರೆ ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು.

ಮೊದಲನೆಯದು ವೈಫೈ. ಬ್ಯಾಕಪ್ ವೈಫೈ ಇದ್ದಾಗ ಮಾತ್ರ ಆಗುವಂತೆ ಸೆಟ್ಟಿಂಗ್ ಇದ್ದು, ಮನೆಯಲ್ಲಿ ವೈಫೈ ಇಲ್ಲದೆ ಬರೀ ಮೊಬೈಲ್ ಡೇಟಾ ಇದ್ದರೆ ಬ್ಯಾಕಪ್ ಆಗುವುದೇ ಇಲ್ಲ. ಅದೇ ಪುಟದಲ್ಲಿ ಮೊಬೈಲ್ ಡೇಟಾದಲ್ಲೂ ಬ್ಯಾಕಪ್ ಆಗಲಿ ಅನ್ನುವ ಸ್ವಿಚ್ ಇದೆ, ಅದನ್ನು ಹಾಕಿ. ಜೊತೆಗೆ ವಿಡಿಯೋ ಸೇರಿಸುವ ಸ್ವಿಚ್ ಆರಿಸಿಬಿಡಿ, ಇಲ್ಲದಿದ್ದರೆ ದಿನದ ಡೇಟಾ ಎಲ್ಲ ಅದಕ್ಕೇ ಹೋಗುತ್ತದೆ.

ಎರಡನೆಯದು ಗೂಗಲ್ ಖಾತೆಯ ಜಾಗ. ಪುಕ್ಕಟೆ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಮೊದಲು ವಾಟ್ಸಾಪ್ ಬ್ಯಾಕಪ್ಪನ್ನು ಇದರಲ್ಲಿ ಲೆಕ್ಕ ಹಿಡಿಯುತ್ತಿರಲಿಲ್ಲ, ಈಗ ಹಿಡಿಯುತ್ತಾರೆ. ಜಾಗ ತುಂಬಿದರೆ ಬ್ಯಾಕಪ್ ನಿಂತುಹೋಗುತ್ತದೆ. ಅಪ್ಪನಿಗೆ ನೋಟಿಫಿಕೇಶನ್ ಬಂದಿದ್ದರೂ ಅವರು ಅದನ್ನು ಪಕ್ಕಕ್ಕೆ ಸರಿಸಿರುತ್ತಾರೆ.

ಫೋನಿನ ಪಿನ್ ಅವರಿಗೆ ನೆನಪಿದೆಯಾ ಅಂತಲೂ ಈಗಲೇ ಕೇಳಿಬಿಡಿ. ದಿನವೂ ಬೆರಳಿಟ್ಟು ತೆಗೆಯುವವರು ಪಿನ್ ಮರೆತಿರುತ್ತಾರೆ. ರೀಸ್ಟಾರ್ಟ್ ಮಾಡಿದ ಮೇಲೆ ಮೊದಲ ಸಲ ಬೆರಳು ನಡೆಯುವುದಿಲ್ಲ, ಪಿನ್ ಹಾಕಲೇಬೇಕು. ಪಿನ್ ಗೊತ್ತಿಲ್ಲದವರಿಗೆ ರೀಸ್ಟಾರ್ಟ್ ಹೇಳಿಕೊಟ್ಟರೆ ಸಣ್ಣ ತೊಂದರೆ ಹೋಗಿ ದೊಡ್ಡದು ಬಂದ ಹಾಗೆ.

ನಿಜವಾಗಿ ಹ್ಯಾಂಗ್ ಆಗಿದೆಯಾ?

ಹಿರಿಯರ ಬಾಯಲ್ಲಿ "ಫೋನ್ ಹ್ಯಾಂಗ್ ಆಗಿದೆ" ಅಂದರೆ ಮೂರು ಬೇರೆ ಬೇರೆ ಸಂಗತಿ ಇರಬಹುದು: ನೆಟ್ ಇಲ್ಲ, ಆ್ಯಪ್ ನಿಂತಿದೆ, ಇಡೀ ಫೋನೇ ನಿಂತಿದೆ. ಇದನ್ನು ಬೇರೆ ಮಾಡಲು ಎರಡು ಪರೀಕ್ಷೆ ಸಾಕು.

ಒಂದು, ಚಾಟ್ ಪಟ್ಟಿಯನ್ನು ಬೆರಳಿಂದ ಮೇಲೆ ಕೆಳಗೆ ಸರಿಸುವುದು. ಸರಿಯುತ್ತಿದೆ, ಆದರೆ ಕಳಿಸಿದ ಮೆಸೇಜಿನ ಪಕ್ಕ ಪುಟ್ಟ ಗಡಿಯಾರದ ಗುರುತು ಹಾಗೇ ಇದೆ ಅಂದರೆ ಆ್ಯಪಿಗೆ ಏನೂ ಆಗಿಲ್ಲ. ನೆಟ್ ಇಲ್ಲ, ಅಷ್ಟೆ. ಲಿಫ್ಟಿನಲ್ಲಿ, ಬೇಸ್‌ಮೆಂಟಿನಲ್ಲಿ, ತುಂಬಿದ ಲೋಕಲ್‌ನಲ್ಲಿ ಇದು ಮಾಮೂಲಿ. ನೆಟ್ ಬಂದಾಗ ಆ ಮೆಸೇಜು ತಾನೇ ಹೋಗುತ್ತದೆ. ಏನೂ ಮಾಡಬೇಕಿಲ್ಲ.

ಎರಡು, ಹೋಮ್ ಗುಂಡಿ ಒತ್ತುವುದು, ಗುಂಡಿ ಇಲ್ಲದ ಫೋನಾದರೆ ಕೆಳಗಿನಿಂದ ಮೇಲಕ್ಕೆ ಬೆರಳು ಎಳೆಯುವುದು. ಹೋಮ್ ಪರದೆ ಬಂದು ಗಡಿಯಾರವೋ ಕ್ಯಾಲ್ಕುಲೇಟರೋ ತೆರೆದರೆ ಫೋನು ಚೆನ್ನಾಗಿದೆ, ನಿಂತಿರುವುದು ಆ ಒಂದು ಆ್ಯಪ್. ಹೋಮೂ ಬರದಿದ್ದರೆ ಫೋನೇ ನಿಂತಿದೆ.

ಏಣಿಯ ಹಾಗೆ, ಒಂದೊಂದೇ ಮೆಟ್ಟಿಲು

ಮೊದಲ ಮೆಟ್ಟಿಲು, ಕೈ ತೆಗೆಯುವುದು. ನಾವು ಮುಟ್ಟಿದ್ದಕ್ಕೆ ಆ್ಯಪು ಸುಮಾರು 5 ಸೆಕೆಂಡ್ ಉತ್ತರ ಕೊಡದಿದ್ದರೆ ಆಂಡ್ರಾಯ್ಡ್ ತಾನೇ ಒಂದು ಚೌಕ ತೋರಿಸುತ್ತದೆ: WhatsApp isn't responding. ಕೆಳಗೆ Close app ಮತ್ತು Wait. ಮೊದಲ ಸಲ Wait ಒತ್ತಲಿ, ಮೂವತ್ತು ಎಣಿಸಲಿ. ಈ ಹೊತ್ತಿನಲ್ಲಿ ಪರದೆಯನ್ನು ಮುಟ್ಟಲೇಬಾರದು. ನಮ್ಮವರು ಇಲ್ಲೇ ಎಡವುತ್ತಾರೆ. ಅಲ್ಲಾಡುತ್ತಿಲ್ಲ ಅಂತ ಟಕಟಕ ಒತ್ತುತ್ತಾರೆ. ಒತ್ತಿದ್ದೆಲ್ಲ ಸಾಲಲ್ಲಿ ನಿಂತಿದ್ದು, ಆ್ಯಪ್ ಎಚ್ಚರವಾದ ಕೂಡಲೇ ಒಂದರ ಹಿಂದೊಂದು ನಡೆಯಬಹುದು. ಯಾರಿಗೋ ವಿಡಿಯೋ ಕಾಲ್ ಹೋಗುತ್ತದೆ, ಬೆಳಗಿನ ಸುಪ್ರಭಾತ ಬೀಗರ ಗ್ರೂಪಿಗೆ ಹೋಗುತ್ತದೆ.

ಎರಡನೇ ಮೆಟ್ಟಿಲು, ಆ್ಯಪನ್ನು ಮುಚ್ಚುವುದು. ಅದೇ ಚೌಕ ಮತ್ತೆ ಬಂದರೆ ಈ ಸಲ Close app. ಚೌಕ ಬರದಿದ್ದರೆ ಈಚೆಗೆ ತೆರೆದ ಆ್ಯಪುಗಳ ಪಟ್ಟಿಗೆ ಹೋಗಬೇಕು. ಕೆಳಗೆ ಮೂರು ಗುಂಡಿ ಇರುವ ಫೋನಿನಲ್ಲಿ ಅದಕ್ಕೊಂದು ಗುಂಡಿ ಇದೆ, ಕೆಲವದರಲ್ಲಿ ಚೌಕದ ಗುರುತು, ಕೆಲವದರಲ್ಲಿ ಮೂರು ಗೆರೆ. ಗುಂಡಿ ಇಲ್ಲದ್ದರಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದು ಅರ್ಧದಲ್ಲಿ ಒಂದು ಕ್ಷಣ ಬೆರಳು ಹಿಡಿಯಬೇಕು. ಇಸ್ಪೀಟೆಲೆ ಜೋಡಿಸಿಟ್ಟಂತೆ ಕಾಣುತ್ತದೆ. ವಾಟ್ಸಾಪಿನ ಎಲೆಯನ್ನು ಮೇಲಕ್ಕೆ ತಳ್ಳಿ, ಮತ್ತೆ ತೆರೆಯುವುದು. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಎಲ್ಲ ಎಲೆಯನ್ನೂ ತಳ್ಳಿಹಾಕುವ ಚಟ ಕೆಲವರಿಗಿದೆ, ಅದರಿಂದ ಹೆಚ್ಚಿನ ಲಾಭವೇನಿಲ್ಲ.

ಮೂರನೆಯದು Force stop. ಇದನ್ನು ಜೋಪಾನವಾಗಿ ಕಲಿಸಬೇಕು. ಹೋಮ್ ಪರದೆಯಲ್ಲಿ ವಾಟ್ಸಾಪಿನ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದರೆ ಪುಟ್ಟ ಪಟ್ಟಿ ಬರುತ್ತದೆ. ಅದರಲ್ಲಿ App info, ಇಲ್ಲವೇ ವೃತ್ತದೊಳಗೆ i ಗುರುತು. ಅದನ್ನು ಒತ್ತಿದರೆ ಬರುವ ಪುಟದಲ್ಲಿ Force stop ಇದೆ. ತೊಂದರೆ ಏನೆಂದರೆ ಬಹಳ ಫೋನುಗಳಲ್ಲಿ ಅದರ ಮಗ್ಗುಲಲ್ಲೇ Uninstall ಕೂತಿದೆ. ಒಂದು ಏನೂ ಕೆಡಿಸುವುದಿಲ್ಲ, ಇನ್ನೊಂದು ಎಲ್ಲ ತೆಗೆದುಹಾಕುತ್ತದೆ, ನಡುವೆ ಒಂದು ಬೆರಳಿನಷ್ಟೇ ಅಂತರ. ಕನ್ನಡಕ ಟೇಬಲ್ ಮೇಲೆ ಬಿಟ್ಟುಬಂದವರಿಗೆ ಎರಡೂ ಒಂದೇ. ಅದಕ್ಕೇ ಈ ಪುಟಕ್ಕೆ ಹೋಗುವ ಮುಂಚೆ ಕನ್ನಡಕ ಹಾಕಿಕೊಳ್ಳುವುದನ್ನೂ ಒಂದು ಹಂತವೆಂದೇ ಹೇಳಿಕೊಡಿ.

Force stop ಒತ್ತಿದಾಗ ಫೋನು ಹೆದರಿಸುತ್ತದೆ: If you force stop an app, it may misbehave. ಫೋನಿನಿಂದ ಫೋನಿಗೆ ಮಾತು ಸ್ವಲ್ಪ ಬೇರೆ ಇರಬಹುದು. ಇದನ್ನು ನೋಡಿ ಅರ್ಧ ಜನ ಅಲ್ಲೇ ಕೈಬಿಡುತ್ತಾರೆ. ಈ ಸಾಲು ಬಂದೇ ಬರುತ್ತದೆ, OK ಒತ್ತಿದರೆ ಏನೂ ಅಳಿಸುವುದಿಲ್ಲ ಅಂತ ಮೊದಲೇ ಹೇಳಿಟ್ಟಿರಿ. ಆದರೆ ಬಂದ ಚೌಕದಲ್ಲಿ delete ಅಥವಾ uninstall ಅನ್ನುವ ಪದ ಇದ್ದರೆ ದಾರಿ ತಪ್ಪಿದೆ ಅಂತಲೇ ಲೆಕ್ಕ. ಆಗ Cancel. ಇಂಗ್ಲಿಷ್ ಓದಲು ಬಾರದವರಿಗೂ ಆ ಎರಡು ಪದಗಳ ಆಕಾರ ಗುರುತಿಸಲು ಕಲಿಸಬಹುದು. ಅವರ ಫೋನ್ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಅದೇ ಪರದೆ ತೆರೆದು, ಅಲ್ಲಿ ಇರುವ ಪದವನ್ನೇ ಬರೆದುಕೊಡಿ.

Force stop ಆದ ಮೇಲೆ ಆ್ಯಪನ್ನು ಮತ್ತೊಮ್ಮೆ ತೆರೆಯಲೇಬೇಕು. ಇದನ್ನು ಬಹಳ ಜನ ಹೇಳುವುದಿಲ್ಲ. ತೆರೆಯುವವರೆಗೆ ಆ ಆ್ಯಪು ಪೂರ್ತಿ ನಿದ್ದೆಯಲ್ಲಿರುತ್ತದೆ, ಮೆಸೇಜೂ ಕಾಲೂ ಬರುವುದಿಲ್ಲ. "ಮಗ ನಿನ್ನೆಯಿಂದ ಫೋನೇ ಮಾಡಿಲ್ಲ" ಅನ್ನುವ ಬೇಸರದ ಹಿಂದೆ ಇದೂ ಇರಬಹುದು. ಮಾತ್ರೆಯ ಹೊತ್ತು ನೆನಪಿಸುವ ಆ್ಯಪು ಅಥವಾ ಅಲಾರಂ ಆ್ಯಪಾದರೆ ಇನ್ನೂ ಎಚ್ಚರ ಬೇಕು. Force stop ಮಾಡಿದರೆ ಅದರ ಅಲಾರಂಗಳೂ ರದ್ದಾಗುತ್ತವೆ. ಮತ್ತೆ ತೆರೆದು ಅಲಾರಂ ಹಾಗೇ ಇದೆಯಾ ಅಂತ ನೋಡಿಕೊಳ್ಳಬೇಕು.

ನಾಲ್ಕನೆಯದು ರೀಸ್ಟಾರ್ಟ್. ಪವರ್ ಗುಂಡಿ ಒತ್ತಿ ಹಿಡಿದರೆ Restart ಬರುವ ಫೋನಾದರೆ ಸುಲಭ. ಕೆಲವು ಹೊಸ ಫೋನುಗಳಲ್ಲಿ ಪವರ್ ಗುಂಡಿ ಒತ್ತಿದರೆ ಮಾತಾಡುವ ಸಹಾಯಕ ಎದ್ದು ಬರುತ್ತದೆ. ಅಲ್ಲಿ ಮೇಲಿನಿಂದ ನೋಟಿಫಿಕೇಶನ್ ಪರದೆಯನ್ನು ಎರಡು ಸಲ ಎಳೆದರೆ ಪವರ್ ಗುರುತು ಸಿಗುತ್ತದೆ. ಫೋನೇ ಪೂರ್ತಿ ನಿಂತಿದ್ದರೆ ಸ್ಯಾಮ್‌ಸಂಗ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ತಗ್ಗಿಸುವ ಗುಂಡಿ ಎರಡನ್ನೂ 7 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಕು. ಬೇರೆ ಕಂಪನಿಗಳಲ್ಲಿ ಈ ಜೋಡಿ ಬೇರೆ ಬೇರೆ. ಅವರ ಫೋನಿನದು ಯಾವುದು ಅಂತ ನೀವು ನೋಡಿ ತಿಳಿದು, ಅದೊಂದನ್ನೇ ಹೇಳಿ. ತಪ್ಪು ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬರಬಹುದು. ಅದರಲ್ಲಿ Wipe data/factory reset ಅನ್ನುವ ಸಾಲೂ ಇರುತ್ತದೆ. ಅಂಥದ್ದು ಕಂಡರೆ ಫೋನ್ ಕೆಳಗಿಟ್ಟು ನಿಮಗೆ ಕರೆ ಮಾಡಲಿ.

ಇಲ್ಲಿಗೆ ಅವರ ಏಣಿ ಮುಗಿಯಿತು. Clear cache ಅಪಾಯವಿಲ್ಲದ್ದೇ ಆದರೂ ನಾನು ಹಿರಿಯರಿಗೆ ಕಲಿಸುವುದಿಲ್ಲ. ಅದು ಇರುವ ಪುಟದಲ್ಲೇ Clear storage ಕೂಡ ಇದೆ. ಆ ಪುಟಕ್ಕೆ ಹೋಗದಿರುವುದೇ ವಾಸಿ. ನೀವು ಹೋದಾಗ ನೀವೇ ಮಾಡಿ.

ಫೋನಿನಲ್ಲಿ ಹೇಳಿಕೊಡುವುದು ಹೇಗೆ

ನಮ್ಮ ಅವ್ವ ಡೊಂಬಿವಲಿಯಲ್ಲಿ, ನಾನು ಪುಣೆಯಲ್ಲಿ. ಗಣಪತಿ ಹಬ್ಬದ ಹೊತ್ತಿಗೆ ಅವರ ವಾಟ್ಸಾಪ್ ತೆರೆದ ಕೂಡಲೇ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಅಪ್ಪನ ಫೋನಿನಿಂದ ಕರೆ ಬಂತು. "ಏನ್ ಒತ್ತಿದ್ರೂ ಅಲ್ಲಾಡವಲ್ದು ನೋಡು."

ನಾನು ಮೊದಲು ಕೇಳಿದ್ದು, "ಅವ್ವಾ, ಹೋಮ್ ಒತ್ತಿದ್ರ ಗಣಪ್ಪನ ಫೋಟೋ ಬರ್ತದೇನು?" ಹೋಮ್ ಪರದೆಯಲ್ಲಿ ಗಣಪನ ಚಿತ್ರ ಇದೆ. ಬಂತು. ಅಂದರೆ ಫೋನು ನೆಟ್ಟಗಿದೆ. ಎಲೆ ತಳ್ಳಿಸಿದೆ, ಮತ್ತೆ ಬಿಳಿ ಪರದೆ. Force stop ಮಾಡಿಸಿದೆ. ಪ್ರತಿ ಸಲ ಒತ್ತುವ ಮುಂಚೆ ಪರದೆಯಲ್ಲಿ ಏನಿದೆ ಅಂತ ಅಕ್ಷರ ಅಕ್ಷರವಾಗಿ ಓದಿಸಿದೆ, "ಎಫ್ ಓ ಆರ್..." ಅಂತ. ಹೊತ್ತು ಹಿಡಿಯಿತು, ಆದರೆ ಪಕ್ಕದ ಗುಂಡಿಗೆ ಬೆರಳು ಹೋಗಲಿಲ್ಲ. ತೆರೆಯಿತು, ಎರಡು ನಿಮಿಷಕ್ಕೆ ಮತ್ತೆ ನಿಂತಿತು. ರೀಸ್ಟಾರ್ಟ್ ಆದ ಮೇಲೂ ಅದೇ ಕತೆ.

ನಾಲ್ಕೂ ಮೆಟ್ಟಿಲು ಹತ್ತಿದ ಮೇಲೂ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಫೋನಿನ ಜಾಗವನ್ನು. Settings ಒಳಗೆ Storage ತೆರೆಸಿದೆ. 64 ಜಿಬಿ ಫೋನು, ಒಂದು ಜಿಬಿಯೂ ಉಳಿದಿರಲಿಲ್ಲ. ಬಂದ ಮೆಸೇಜನ್ನು ಬರೆದಿಡಲೂ ಆ್ಯಪಿಗೆ ಜಾಗ ಬೇಕು. ಅದು ಸಿಗದಿದ್ದಾಗ ಅದು ಒದ್ದಾಡಿ ನಿಲ್ಲುತ್ತದೆ. ಆ ವಾರ ಪ್ರತಿ ಮನೆಯ ಆರತಿಯೂ ವಿಡಿಯೋ ಆಗಿ ಬಂದು ಅಲ್ಲಿ ಕೂತಿತ್ತು.

ಆ ದಿನಕ್ಕೆ ಮಾಡಿದ್ದು ಇಷ್ಟೆ: ಅವ್ವ ಎಂದೂ ಬಳಸದ ಒಂದು ಆಟದ ಆ್ಯಪನ್ನು ಅಪ್ಪ ತೆಗೆದರು, ಸ್ವಲ್ಪ ಜಾಗ ಬಂತು, ವಾಟ್ಸಾಪ್ ಓಡಿತು. ಉಳಿದದ್ದನ್ನು ಶನಿವಾರ ನಾನು ಹೋಗಿ ಮಾಡಿದೆ. ಮೊದಲು ಬ್ಯಾಕಪ್. ಆಮೇಲೆ ವಾಟ್ಸಾಪಿನ Settings, Storage and data, Manage storage. ಅಲ್ಲಿ ಹಲವು ಸಲ ಫಾರ್ವರ್ಡ್ ಆದದ್ದು ಬೇರೆ, 5 ಎಂಬಿಗಿಂತ ದೊಡ್ಡದು ಬೇರೆ ಅಂತ ವಿಂಗಡಿಸಿಯೇ ಇಟ್ಟಿರುತ್ತದೆ. ಫಾರ್ವರ್ಡ್ ಆದದ್ದನ್ನು ಅವ್ವನ ಪಕ್ಕ ಕೂತು, ಒಂದೊಂದು ತೋರಿಸಿ ಅಳಿಸಿದೆ. ಅವರನ್ನು ಕೇಳದೆ ಅಳಿಸಬೇಡಿ. ನಮಗೆ ಕಸ ಅನಿಸಿದ ವಿಡಿಯೋದಲ್ಲಿ ತೀರಿಹೋದ ಅವರ ಅಕ್ಕ ಹಾಡುತ್ತಿರಬಹುದು. ಕೊನೆಗೆ Media auto-download ಒಳಗೆ ಹೋಗಿ ವಿಡಿಯೋ ತಾನೇ ಇಳಿಯುವುದನ್ನು ನಿಲ್ಲಿಸಿದೆ. ಬೇಕಾದ್ದನ್ನು ಮುಟ್ಟಿದರೆ ಮಾತ್ರ ಈಗ ಇಳಿಯುತ್ತದೆ.

ಇನ್ನೊಂದು ಮಾತು. ಗೂಗಲ್ ಫೋಟೋಸ್ ಇದೆ, ಎಲ್ಲ ಅಲ್ಲಿ ಉಳಿದಿರುತ್ತದೆ ಅಂತ ಧೈರ್ಯದಿಂದ ಅಳಿಸಬೇಡಿ. ಕ್ಯಾಮೆರಾದಲ್ಲಿ ತೆಗೆದದ್ದು ಹೋಗುತ್ತದೆ ನಿಜ, ಆದರೆ ವಾಟ್ಸಾಪಿನ ಫೋಟೋಗಳ ಫೋಲ್ಡರ್ ಅನ್ನು ಬೇರೆಯಾಗಿ ಆರಿಸಿ ಹೇಳದಿದ್ದರೆ ಅದು ಬ್ಯಾಕಪ್ ಆಗಿರುವುದಿಲ್ಲ.

ಕಲಿಸುವ ಬಗೆ

ಆ್ಯಪ್ ಚೆನ್ನಾಗಿರುವಾಗಲೇ ಕಲಿಸಿ. ಕೆಟ್ಟಾಗ ಅವರೂ ಗಾಬರಿ, ನೀವೂ ಸಿಡುಕು. ಕ್ಯಾಲ್ಕುಲೇಟರ್ ಮೇಲೆ Force stop ಮಾಡಿಸಿ, ಅದರಲ್ಲಿ ಕೆಡುವುದೇನೂ ಇಲ್ಲ. ಆಮೇಲೆ ವಾಟ್ಸಾಪ್ ಮೇಲೆ. ಮತ್ತೆ ತೆರೆದಾಗ ಮೊಮ್ಮಗಳ ಫೋಟೋ ಅಲ್ಲೇ ಇರುವುದನ್ನು ಅವರೇ ನೋಡಲಿ. ಆಮೇಲೆ ಆ ಗುಂಡಿಯ ಭಯ ಇರುವುದಿಲ್ಲ. ಫೋನ್ ಅವರ ಕೈಯಲ್ಲೇ ಇರಲಿ. ನಮ್ಮ ಕೈಗೆ ಬಂದರೆ ನಾವು ಸರಸರ ಮಾಡಿ ಕೊಟ್ಟುಬಿಡುತ್ತೇವೆ, ಅವರು ಕಲಿತಿದ್ದು ಸೊನ್ನೆ.

ಹಂತಗಳನ್ನು ಕಾಗದದ ಮೇಲೆ, ಅವರ ಕೈಬರಹದಲ್ಲೇ ಬರೆಸಿ. ಫೋನಿನಲ್ಲಿ ವಿಡಿಯೋ ಮಾಡಿಟ್ಟರೆ ಫೋನ್ ನಿಂತಾಗ ಅದನ್ನು ನೋಡುವುದು ಹೇಗೆ? ಅವ್ವ ಫ್ಲಿಪ್ ಕವರಿನೊಳಗೆ ಇಟ್ಟುಕೊಂಡ ಚೀಟಿಯಲ್ಲಿ ಇಷ್ಟಿದೆ:

ಕನ್ನಡಕ ಹಾಕು. ಕೈ ತೆಗಿ, ಮೂವತ್ತು ಎಣಿಸು.
ಎಲೆ ಮೇಲೆ ತಳ್ಳು, ಮತ್ತೆ ತೆಗಿ.
ಒತ್ತಿ ಹಿಡಿ, i, Force stop, OK. ಮತ್ತೆ ತೆಗಿ.
ರೀಸ್ಟಾರ್ಟ್. ಪಿನ್ ಹಾಕು.
delete, uninstall ಕಂಡರೆ Cancel. ಫೋನ್ ಮಾಡು.

ಐಫೋನ್ ಇರುವ ಮನೆಯಲ್ಲಿ Force stop ಗುಂಡಿ ಇಲ್ಲ, ಎಲೆ ಮೇಲೆ ತಳ್ಳುವುದೇ ಆ ಕೆಲಸ ಮಾಡುತ್ತದೆ. ಅಲ್ಲಿ ನೋಡಬೇಕಾದ ಜೋಡಿ ಬೇರೆ: Offload App ಡೇಟಾ ಉಳಿಸುತ್ತದೆ, Delete App ಅಳಿಸುತ್ತದೆ.

ದುಡ್ಡು ಕಳಿಸುವಾಗ ನಿಂತರೆ

ತರಕಾರಿಯವನ ಮುಂದೆ ಯುಪಿಐ ಪಿನ್ ಹಾಕಿದ ಮೇಲೆ ಪರದೆ ನಿಂತರೆ ಏಣಿ ಹತ್ತಬಹುದು, ಆದರೆ ಮತ್ತೆ ದುಡ್ಡು ಕಳಿಸಬಾರದು. ಪಿನ್ ಹಾಕಿದ ಮೇಲೆ ವ್ಯವಹಾರ ಬ್ಯಾಂಕಿನ ಕಡೆ ನಡೆಯುತ್ತಿರುತ್ತದೆ, ಆ್ಯಪ್ ಮುಚ್ಚಿದರೆ ಅದು ನಿಲ್ಲುವುದಿಲ್ಲ. ಆ್ಯಪ್ ಮತ್ತೆ ತೆರೆದು ಹಿಂದಿನ ವ್ಯವಹಾರಗಳ ಪಟ್ಟಿ ನೋಡಲಿ, ಬ್ಯಾಂಕಿನ ಎಸ್‌ಎಂಎಸ್ ನೋಡಲಿ. ಪೆಂಡಿಂಗ್ ಅಂತಿದ್ದರೆ ಅವನಿಗೆ ನಗದು ಕೊಟ್ಟು, ಪರದೆಯ ಫೋಟೋ ತೆಗೆದುಕೊಂಡು ಬರಲಿ. ಕಡಿತವಾಗಿ ಅವನಿಗೆ ಮುಟ್ಟದಿದ್ದರೆ ದುಡ್ಡು ವಾಪಸ್ ಬರುತ್ತದೆ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ. ಈ ಹೊತ್ತಲ್ಲಿ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದೇ ದೊಡ್ಡ ಅಪಾಯ, ಅಲ್ಲಿ ಮೋಸದ ನಂಬರುಗಳೂ ಕೂತಿರುತ್ತವೆ. ಬ್ಯಾಂಕಿನ ನಂಬರು ಡೆಬಿಟ್ ಕಾರ್ಡಿನ ಹಿಂದೆಯೇ ಇದೆ. ಸರಿ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೊಸ ಆ್ಯಪ್ ಹಾಕಲು ಹೇಳಿದರೆ ಫೋನ್ ಇಟ್ಟುಬಿಡಬೇಕು. ಮೋಸದಿಂದ ದುಡ್ಡು ಹೋಗೇಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಅಂಗಡಿಗೆ ಒಯ್ಯುವ ಮುಂಚೆ

ನಿಮಗಿಂತ ಮೊದಲು ಅವರು ಸ್ಟೇಷನ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗುತ್ತಾರೆ, ಅದನ್ನು ತಡೆಯಲಾಗುವುದಿಲ್ಲ. ಗಿರಾಕಿಗಳ ಸಾಲು ಇರುವ ಅಂಗಡಿಯವನಿಗೆ ರೀಸೆಟ್ ಮಾಡುವುದು ಬೇಗ ಮುಗಿಯುವ ಕೆಲಸ. ಫೋನ್ ಕೊಡುವಾಗಲೇ "ಡೇಟಾ ಡಿಲೀಟ್ ಕರೂ ನಕಾ" ಅನ್ನಲು ಹೇಳಿಕೊಡಿ. ಗೋವಾದ ಅಂಗಡಿಯಲ್ಲೂ ಈ ಮರಾಠಿ ತಿಳಿಯುತ್ತದೆ. ರೀಸೆಟ್ ಬಿಟ್ಟು ಬೇರೆ ದಾರಿಯಿಲ್ಲ ಅಂತ ಅವನಂದರೆ ಫೋನ್ ವಾಪಸ್ ತೆಗೆದುಕೊಂಡು ಮನೆಗೆ ಬರಲಿ. ಫೋನು ಆನ್ ಆಗುತ್ತಿದ್ದರೆ ಮೊದಲು ವಾಟ್ಸಾಪಿನ ಬ್ಯಾಕಪ್, ಆಮೇಲೆ ಕಂಪ್ಯೂಟರಿಗೆ ಕೇಬಲ್ ಹಾಕಿ ಫೋಟೋಗಳ ಪ್ರತಿ. ಬ್ಯಾಕಪ್ ಯಾವ ಜಿಮೇಲ್ ಖಾತೆಗೆ ಹೋಗಿದೆ, ಅದರ ಪಾಸ್‌ವರ್ಡ್ ಏನು ಅಂತ ಬರೆದಿಟ್ಟುಕೊಳ್ಳಿ. ಬ್ಯಾಕಪ್ಪಿಗೇ ಬೇರೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನೂ ಬರೆಯಿರಿ, ಮರೆತರೆ ವಾಟ್ಸಾಪಿನವರಿಂದಲೂ ಅದನ್ನು ತೆಗೆದುಕೊಡಲು ಆಗುವುದಿಲ್ಲ. ಇಷ್ಟಾದ ಮೇಲೆ ಬೇಕಾದರೆ ರೀಸೆಟ್‌ಗೆ ಕೊಡಬಹುದು. ಸಿಮ್ ಕಾರ್ಡು ಮಾತ್ರ ತೆಗೆದು ಮನೆಯಲ್ಲೇ ಇಟ್ಟು ಹೋಗಲಿ.